ಹರಿಹರದ ಪ್ರೆಸ್ಸಿಗೆ ಆಳು ಕೊಟ್ಟ ಪುಷ್ಪಲತಾ

ಕಾರ್ಖಾನೆ ಮಾಲೀಕರ ಎದುರು ಕೂತು ಮಾತಾಡುವುದೆಂದರೆ ಪುಷ್ಪಲತಾಗೆ ಮೊದಲಿನಿಂದಲೂ ಅಂಜಿಕೆ. ಲೋಕಿಕೆರೆಯವಳು. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಆರು ವರ್ಷ ಒಂದು ಉದ್ಯೋಗ ಏಜೆನ್ಸಿಯಲ್ಲಿ ದಿನವಿಡೀ ಫೋನ್ ಮಾಡುವ ಕೆಲಸ ಮಾಡಿದ್ದಳು. ಅಲ್ಲಿ ಕೆಲಸ ಕೇಳಿ ಬಂದವರ ಹತ್ತಿರವೇ ಹಣ ಕೀಳುತ್ತಿದ್ದರು. ಅದನ್ನು ನೋಡಲಾರದೆ ಬಿಟ್ಟು ಬಂದು, ಪಿ.ಬಿ. ರಸ್ತೆಯ ಪಕ್ಕದ ಒಂದು ಮಹಡಿ ಕೋಣೆಯಲ್ಲಿ ತನ್ನದೇ ಏಜೆನ್ಸಿ ತೆರೆದಳು. ಈಗ ಮಾಲೀಕರ ಹತ್ತಿರ ಹೋಗಲೇಬೇಕು. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದಳು.

ಕಳೆದ ವರ್ಷ ಶ್ರಾವಣದಲ್ಲಿ ಹರಿಹರದ ಮಹಾಂತೇಶ್ ಅವರ ವರ್ಕ್‌ಶಾಪಿಗೆ ಹೋದದ್ದೂ ಹಾಗೆಯೇ. ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬೇಕಾದ ತಗಡಿನ ಬಿಡಿಭಾಗ ಮಾಡುವ ಶೆಡ್ಡು ಅದು. ಹನ್ನೆರಡು ಜನರ ಕೆಲಸ, ಹತ್ತೇ ಜನ ಇದ್ದರು. ತಗಡನ್ನು ಅಚ್ಚಿನಲ್ಲಿ ಒತ್ತುವ ಪ್ರೆಸ್ ಯಂತ್ರದ ಆಪರೇಟರ್ ಇಬ್ಬರೂ ಒಂದೇ ತಿಂಗಳಲ್ಲಿ ಬಿಟ್ಟು ಹೋಗಿದ್ದರು.

"ಕೂಡ್ರಿ ಮೇಡಂ. ಐದು ನಿಮಿಷ ಐತೆ, ಹೇಳ್ರಿ," ಎಂದರು ಮಹಾಂತೇಶ್.

ಪುಷ್ಪಲತಾ ಒಂದೇ ಉಸಿರಿಗೆ ಹೇಳಿದಳು. "ಸರ್, ನಿಮಗೆ ಎಂಥ ಜನ ಬೇಕು ಅಂತ ಹೇಳ್ರಿ. ಒಂದು ವಾರದಾಗ ಮೂರು ಜನರನ್ನ ಕಳಿಸ್ತೀನಿ. ಅವರ ಕಾಗದಪತ್ರ, ಹಿಂದಿನ ಕೆಲಸ ಎಲ್ಲಾ ನಾನು ವಿಚಾರಿಸಿರ್ತೀನಿ. ನೋಡಿ, ಕೆಲಸ ಮಾಡಿಸಿ, ಒಬ್ಬರನ್ನ ಆರಿಸಿಕೊಳ್ರಿ. ಅಲ್ಲೀವರೆಗೆ ಒಂದು ರೂಪಾಯಿನೂ ಬ್ಯಾಡ. ಸೇರಿದ ಮ್ಯಾಲೆ ನನ್ನ ಫೀಸು ಅವರ ಒಂದು ತಿಂಗಳ ಸಂಬಳದಷ್ಟು, ಒಂದೇ ಸಲ. ಹದಿನೆಂಟು ಸಾವಿರದ ಆಳಾದರೆ ಹದಿನೆಂಟು ಸಾವಿರ. ಅರ್ಧ ಸೇರಿದ ದಿನ, ಇನ್ನರ್ಧ ತಿಂಗಳು ತುಂಬಿದ ಮ್ಯಾಲೆ. ನನ್ನದು ಸಣ್ಣ ವ್ಯವಹಾರ, ಜಿಎಸ್‌ಟಿ ನೋಂದಣಿ ಇಲ್ಲ, ಅದಕ್ಕೆ ಮ್ಯಾಲೆ ತೆರಿಗೆ ಹಾಕಲ್ಲ. ಆಳಿನ ಹತ್ರ ನಾನು ಏನೂ ತಗೊಳ್ಳಲ್ಲ. ಅವರ ಸಂಬಳ, ಇಎಸ್‌ಐ ನಿಮ್ಮದು, ಅವರು ನಿಮ್ಮ ಕೆಲಸಗಾರರೇ. ಅರವತ್ತು ದಿನದೊಳಗೆ ಬಿಟ್ಟು ಹೋದರೆ ಪುಕ್ಕಟೆ ಇನ್ನೊಬ್ಬರನ್ನ ಕೊಡ್ತೀನಿ. ಕೊಡಾಕ ಆಗಲಿಲ್ಲ ಅಂದ್ರೆ ತಗೊಂಡಿದ್ದು ವಾಪಸ್."

"ಇದರಾಗ ಒಳಗುಟ್ಟು ಏನೂ ಇಲ್ಲವಲ್ಲ?"

"ಇಲ್ಲ ಸರ್. ಕಾಗದದಾಗ ಬರೆದು ಕೊಡ್ತೀನಿ."

ಮಹಾಂತೇಶ್ ಅಲ್ಲೇ ಸಹಿ ಹಾಕಿದರು. ಮೂರು ತಿಂಗಳಲ್ಲಿ ಅವಳಿಗೆ ಸಿಕ್ಕ ಎರಡನೇ ಗಿರಾಕಿ. ಖುಷಿಯಲ್ಲಿ ಗೇಟಿನ ತನಕ ಬಂದಾಗ ಹಿಂದೆಯೇ ಒಬ್ಬ ವಯಸ್ಸಾದ ಫಿಟ್ಟರ್ ಬಂದರು. ಮೌಲಾ ಸಾಬ್ ಎಂದು ಹೆಸರು ಹೇಳಿಕೊಂಡು, ದನಿ ತಗ್ಗಿಸಿದರು.

"ಪ್ರೆಸ್ಸಿಗೆ ಆಳು ಕೊಡಾಕ ಬಂದೀರೇನಮ್ಮ? ಆ ದೊಡ್ಡ ಪ್ರೆಸ್ಸು ಡಬಲ್ ಹೊಡಿತೈತೆ."

"ಹಂಗಂದ್ರೆ?"

"ಪೆಡಲ್ ಒಂದು ಸಲ ತುಳಿದ್ರೆ ಮ್ಯಾಲಿನ ಅಚ್ಚು ಒಂದೇ ಸಲ ಕೆಳಗ ಬರಬೇಕು. ಇದು ಒಮ್ಮೊಮ್ಮೆ ತಾನೇ ಇನ್ನೊಂದು ಸಲ ಬರ್ತೈತೆ. ಅದನ್ನ ತಡೆದು ನಿಲ್ಲಿಸೋ ಕ್ಲಚ್ಚಿನ ಕೀ ಒಳಗ ಸವೆದೈತೆ. ಕೈ ಒಳಗ ಹೋಗದಂಗ ತಡೆಯೋ ಮುಂದಿನ ಜಾಳಿಗೆನೂ ಬಿಚ್ಚಿಟ್ಟಾರೆ, ಕೆಲಸ ಜೋರಾಗಲಿ ಅಂತ. ಹೋದೋರು ಸುಮ್ಮನೆ ಹೋಗಲಿಲ್ಲ."

ಪುಷ್ಪಲತಾ ವಾಪಸ್ ಒಳಗೆ ಹೋಗಲಿಲ್ಲ. ಮಾಲೀಕರಿಗೆ ಗೊತ್ತಿರುತ್ತದೆ, ಸರಿಮಾಡಿಸುತ್ತಾರೆ ಎಂದುಕೊಂಡಳು. ಆ ತಿಂಗಳ ಬಾಡಿಗೆಯೂ ನೆನಪಾಯಿತು. ಸುಮ್ಮನೆ ಬಸ್ ಹತ್ತಿದಳು.

ಅವಳು ಕಳಿಸಿದ ಮೂವರಲ್ಲಿ ಆಯ್ಕೆಯಾದ, ಸಾರಥಿ ಹಳ್ಳಿಯ ಅಂಜನಕುಮಾರ ಮುಂದಿನ ಸೋಮವಾರ ಕೆಲಸಕ್ಕೆ ಸೇರಿದ. ಇಪ್ಪತ್ತಾರು ವರ್ಷ, ಐಟಿಐ ಓದಿದವನು, ಮದುವೆಯಾಗಿ ವರ್ಷವಾಗಿರಲಿಲ್ಲ. ಮಹಾಂತೇಶ್ ಅರ್ಧ ಫೀಸು ಫೋನಿನಲ್ಲೇ ಹಾಕಿದರು. ಮೊಬೈಲಿನಲ್ಲಿ ಒಂಬತ್ತು ಸಾವಿರ ಬಂದ ಸದ್ದಿಗೆ ಪುಷ್ಪಲತಾಗೆ ಮೌಲಾ ಸಾಬರ ಮಾತು ನೆನಪಾಯಿತು.

ಅವತ್ತಿನಿಂದ ಅವಳಿಗೆ ಊಟ ಸೇರಲಿಲ್ಲ. ರೊಟ್ಟಿ ಮುರಿಯುವಾಗ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಬುಧವಾರ ಅಂಜನಕುಮಾರನೇ ಫೋನ್ ಮಾಡಿದ. "ಅಕ್ಕಾ, ಕೆಲಸ ಚಲೋ ಐತ್ರಿ. ಮಿಷನ್ ಒಂದು ಸಲ ತಾನೇ ಹೊಡೀತು, ನಾನು ಅಷ್ಟರಾಗ ಕೈ ತಗೊಂಡಿದ್ದೆ," ಎಂದು ನಕ್ಕ.

ಅವಳಿಗೆ ನಗಲಾಗಲಿಲ್ಲ. "ಇವತ್ತು ಆ ಮಿಷನ್ ಮುಟ್ಟಬ್ಯಾಡ," ಎನ್ನುವಷ್ಟರಲ್ಲಿ ಅವನು ಊಟದ ಬಿಡುವು ಮುಗೀತೆಂದು ಫೋನ್ ಇಟ್ಟಿದ್ದ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮಹಾಂತೇಶ್ ಅವರೂ ಎತ್ತಲಿಲ್ಲ. ಕೋಣೆಗೆ ಬೀಗ ಹಾಕಿ ಬಸ್ ನಿಲ್ದಾಣಕ್ಕೆ ಓಡಿದಳು.

ಹರಿಹರ ಅರ್ಧ ಗಂಟೆಯ ದಾರಿ. ಅವತ್ತು ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಸೀಟಿನ ಮುಂದಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಪಕ್ಕದಲ್ಲಿದ್ದ ಮುದುಕಿ, "ವಾಂತಿ ಬರ್ತೈತೇನಮ್ಮ?" ಎಂದು ಕೇಳಿದಳು.

ಶೆಡ್ಡಿನ ಬಾಗಿಲಲ್ಲಿ ನಿಂತಾಗ ದೊಡ್ಡ ಪ್ರೆಸ್ಸು ನಡೆಯುತ್ತಿತ್ತು. ಅಂಜನಕುಮಾರ ಬೆನ್ನು ಮಾಡಿ ಕೂತಿದ್ದ. ತಗಡು ಒಳಗಿಡುತ್ತಾನೆ, ಕೈ ತೆಗೆಯುತ್ತಾನೆ, ಪೆಡಲ್ ತುಳಿಯುತ್ತಾನೆ. ಧಡ್. ಆದ ತುಂಡನ್ನು ತೆಗೆಯಲು ಮತ್ತೆ ಕೈ ಒಳಗೆ. ಕೂಗಬೇಕೆಂದು ಬಾಯಿ ತೆರೆದಳು, ಮುಚ್ಚಿದಳು. ಕೂಗಿದರೆ ಅವನು ಬೆಚ್ಚುತ್ತಾನೆ. ಬೆಚ್ಚಿದರೆ ಕಾಲು ಪೆಡಲಿನ ಮೇಲೆ, ಕೈ ಒಳಗೆ. ಉಸಿರು ಬಿಗಿಹಿಡಿದು ನಿಂತಳು. ಏಳು ಸಲ ಅವನ ಕೈ ಒಳಗೆ ಹೋಗಿ ಹೊರಗೆ ಬಂತು. ಎಂಟನೆಯ ಸಲ ಕೈ ಹೊರಗೆ ಬಂದ ಮರುಕ್ಷಣವೇ ಪ್ರೆಸ್ಸು ಯಾರೂ ತುಳಿಯದೆ ಇನ್ನೊಮ್ಮೆ ಕೆಳಗಿಳಿಯಿತು.

ಅಂಜನಕುಮಾರ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟ. ಮೌಲಾ ಸಾಬ್ ಓಡಿಬಂದು ಮೇನ್ ಸ್ವಿಚ್ ಆರಿಸಿದರು.

ಸದ್ದು ನಿಂತದ್ದಕ್ಕೆ ಮಹಾಂತೇಶ್ ಆಫೀಸಿನಿಂದ ಹೊರಬಂದರು. "ಯಾಕ ನಿಲ್ಲಿಸಿದ್ರಿ?"

ಪುಷ್ಪಲತಾ ಮುಂದೆ ಬಂದಳು. "ಸರ್, ಇವನನ್ನ ಕರಕೊಂಡು ಹೋಗ್ತೀನಿ."

"ಮೂರು ದಿನ ಆಗಿಲ್ಲ. ಪುಕ್ಕಟೆ ಇನ್ನೊಬ್ಬನ್ನ ಕೊಡ್ತೀನಿ ಅಂತ ನೀವೇ ಬರೆದು ಕೊಟ್ಟೀರಿ. ಕೊಡ್ರಿ ಮತ್ತೆ."

"ಈ ಮಿಷನ್ನಿಗೆ ಯಾರನ್ನೂ ಕೊಡಲ್ಲ ಸರ್. ಕೊಡಾಕ ಆಗಲ್ಲ ಅಂದ್ರೆ ದುಡ್ಡು ವಾಪಸ್ ಅಂತನೂ ಬರೆದೀನಿ." ಅಲ್ಲೇ ನಿಂತು ಒಂಬತ್ತು ಸಾವಿರ ತಿರುಗಿಸಿ ಹಾಕಿದಳು. "ಇದು ಡಬಲ್ ಹೊಡಿತೈತೆ ಅಂತ ಮೊದಲ ದಿನನೇ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ನನ್ನದೂ ತಪ್ಪೈತೆ."

ಮಹಾಂತೇಶ್ ಬೈಯುತ್ತಾರೆಂದು ಕಾದಳು. ಅವರು ಅಂಜನಕುಮಾರನ ಬಿಳಿಚಿದ ಮುಖ ನೋಡಿದರು. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು.

"ಹೋದ ತಿಂಗಳು ಈ ಪ್ರೆಸ್ಸಿನಾಗ ಕೆಲಸ ಮಾಡ್ತಿದ್ದ ಬಕ್ಕೇಶನ ಉಂಗುರದ ಬೆರಳಿನ ತುದಿ ಹೋತು ಮೇಡಂ. ಅವತ್ತಿಂದ ಈ ಸದ್ದು ಎರಡು ಸಲ ಕೇಳಿಸಿದ್ರೆ ನಾನು ಆಫೀಸಿನಾಗ ಬಾಗಿಲು ಹಾಕ್ಕೊಂಡು ಕೂಡ್ತೀನಿ. ನಿಲ್ಲಿಸಿದ್ರೆ ಆರ್ಡರ್ ಹೋಗ್ತೈತೆ ಅನ್ನೋ ಅಂಜಿಕೆ ಬ್ಯಾರೆ."

ಮಹಾಂತೇಶ್ ಎದ್ದು ನಿಂತು ಮೌಲಾ ಸಾಬರಿಗೆ, "ಪ್ರೆಸ್ಸು ಬಿಚ್ರಿ," ಎಂದರು.

ಕ್ಲಚ್ಚಿನ ಕೀ ಒಂದು ಕಡೆ ಪೂರ್ತಿ ದುಂಡಗಾಗಿತ್ತು. ಹೊಸದು ಬಂದು, ಜಾಳಿಗೆ ಕೂಡಿಸಿ, ಪೆಡಲ್ ಬದಲು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ನಡೆಯುವ ಬಟನ್ ಹಾಕಿಸುವಷ್ಟರಲ್ಲಿ ಹದಿನಾರು ದಿನ ಹಿಡಿಯಿತು. ಒಂದು ಆರ್ಡರ್ ಕೈತಪ್ಪಿತು. ಬಕ್ಕೇಶನನ್ನು ಕರೆಸಿ ಪ್ಯಾಕಿಂಗ್ ಕೆಲಸ ಕೊಟ್ಟರು. ಅಂಜನಕುಮಾರ ಮಾತ್ರ ಪ್ರೆಸ್ಸಿಗೆ ತಿರುಗಿ ಹೋಗಲಿಲ್ಲ. ಪುಷ್ಪಲತಾ ಅವನಿಗೆ ದಾವಣಗೆರೆಯ ಒಂದು ಪಂಪು ರಿಪೇರಿ ಅಂಗಡಿಯಲ್ಲಿ ಕೆಲಸ ಕೊಡಿಸಿದಳು. ಸಂಬಳ ಎರಡು ಸಾವಿರ ಕಡಿಮೆ.

ದೀಪಾವಳಿ ಹೊತ್ತಿಗೆ ಮಹಾಂತೇಶ್ ಮತ್ತೆ ಇಬ್ಬರು ಆಪರೇಟರ್ ಬೇಕೆಂದು ಫೋನ್ ಮಾಡಿದರು. ಪುಷ್ಪಲತಾ ಮೊದಲು ತಾನೊಬ್ಬಳೇ ಹೋಗಿ, ಪ್ರೆಸ್ಸಿನ ಪಕ್ಕದಲ್ಲಿ ಒಂದು ಇಡೀ ಮಧ್ಯಾಹ್ನ ನಿಂತು ನೋಡಿದಳು. ಒಂದು ಸಲವೂ ಅದು ತಾನಾಗಿ ಇಳಿಯಲಿಲ್ಲ. ಆದರೂ ಪ್ರತಿ ಹೊಡೆತಕ್ಕೂ ಅವಳ ಹೆಗಲು ಬಿಗಿಯುತ್ತಲೇ ಇತ್ತು.