ಕಾಂಕ್ರೀಟ್ ಗೋಡೆಯೊಳಗಿನ ಓರೆ ಪೈಪು

ಬನಹಟ್ಟಿಯ ನಮ್ಮ ಮನೆಯ ಈಗಿನ ಹಾಲ್ ಮೊದಲು ಪವರ್‌ಲೂಮ್ ಶೆಡ್ಡಾಗಿತ್ತು. ಮಗ್ಗಗಳ ಅದುರುವಿಕೆಗೆ ಅಡುಗೆಮನೆಯ ಗೋಡೆ ಬಿರುಕು ಬಿಡುತ್ತದೆಂದು ಅಪ್ಪ ನಡುವೆ ಕಾಂಕ್ರೀಟ್ ಗೋಡೆ ಹಾಕಿಸಿದ್ದರು. ಅಪ್ಪ ತೀರಿಕೊಂಡ ಮೇಲೆ ಮಗ್ಗ ಮಾರಿದೆವು. ಹೋದ ವರ್ಷ ಅದೇ ಗೋಡೆಗೆ ಟಿವಿ ಕೂರಿಸಲು ರಬಕವಿಯ ಎಲೆಕ್ಟ್ರಿಶಿಯನ್ ಒಬ್ಬರನ್ನು ಕರೆಸಿದೆ.

ಅವರು ಡ್ರಿಲ್ ಪಕ್ಕಕ್ಕಿಟ್ಟು ಮೊದಲು ಗೋಡೆಯ ಕೆಳಗಿದ್ದ ಹಳೆಯ ಸ್ವಿಚ್ ಬೋರ್ಡ್ ನೋಡಿದರು. "ಇದರ ಪೈಪು ನೆಟ್ಟಗ ಮ್ಯಾಲೆ ಹೋಗಿರಬೇಕ್ರೀ. ಆದ್ರ ಖಾತ್ರಿ ಆಗೂತನಕ ತೂತು ಹೊಡಿಯಾಂಗಿಲ್ಲ" ಎಂದರು. ಒಳಗಿನ ಲೋಹ ಪತ್ತೆಹಚ್ಚುವ ಡಿಟೆಕ್ಟರನ್ನು ಗೋಡೆಗೆ ಹಿಡಿದರೆ, ಒಳಗಿನ ಕಬ್ಬಿಣದ ಸರಳುಗಳಿಂದಾಗಿ ಎಲ್ಲ ಕಡೆಯೂ ಬೀಪ್ ಎನ್ನುತ್ತಿತ್ತು.

ಬಾಗಿಲ ಬಳಿ ಕೂತಿದ್ದ ಅವ್ವ ಹೇಳಿದಳು, "ನೆಟ್ಟಗ ಹೋಗಿಲ್ಲ ತಮ್ಮಾ. ಬೋರ್ಡು ಮೊದಲ ಆ ಮೂಲ್ಯಾಗ ಬರೂದಿತ್ತು. ನಾ ಇಲ್ಲಿ ಕುಂತು ಮಷಿನ್ ಮ್ಯಾಲೆ ಕಂಡಿಕಿಗೆ ನೂಲು ಸುತ್ತತಿದ್ದೆ. ನೂಲು ಹರದ್ರ ಮಷಿನ್ ಬಂದ್ ಮಾಡಾಕ ಎದ್ದು ಅಲ್ಲೀತನ ಹೋಗಬೇಕಾಕ್ಕೈತಿ ಅಂತ, ಕಾಂಕ್ರೀಟ್ ಹಾಕೂ ಮುಂದ ನಮ್ಮ ಮನಿಯವರು ಪೈಪು ಓರೆ ಮಾಡಿಸಿ ಬೋರ್ಡು ಇಲ್ಲಿಗೆ ತರಿಸಿದ್ರು."

ನನಗಿದು ಗೊತ್ತೇ ಇರಲಿಲ್ಲ. ನೆಲದ ಮೇಲೆ ಕೂತವರ ಕೈಗೆ ಎಟಕುವಷ್ಟು ಕೆಳಗೆ ಆ ಬೋರ್ಡು ಏಕಿದೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಅಪ್ಪ ಅವ್ವನಿಗೆ ಒಂದು ಮೆತ್ತನೆಯ ಮಾತು ಆಡಿದ್ದನ್ನೂ ಕೇಳಿದವನಲ್ಲ ನಾನು. ಮಗ್ಗದ ಸದ್ದಿನಲ್ಲಿ ಅವರಿಬ್ಬರೂ ಕೂಗಿಕೊಂಡೇ ಮಾತನಾಡುತ್ತಿದ್ದರು.

ಎಲೆಕ್ಟ್ರಿಶಿಯನ್ ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲವೆಂದು ನೋಡಿಕೊಂಡು, ಬೋರ್ಡು ಬಿಚ್ಚಿದರು. ಪೈಪಿನ ಬಾಯಿ ಎಡಕ್ಕೆ ವಾಲಿತ್ತು. "ಅವ್ವಾರ ಹೇಳಿದ್ದು ಖರೇನ ಐತ್ರಿ" ಎಂದರು. ಆ ಲೈನು ಈಗ ಮಹಡಿಯ ಫ್ಯಾನಿಗೆ ಹೋಗುತ್ತಿತ್ತು. ಬೋರ್ಡು ಮುಚ್ಚಿ, ಕರೆಂಟ್ ಕೊಟ್ಟು, ಆ ಲೈನಿನಲ್ಲಿ ಕರೆಂಟ್ ಹರಿಯಲೆಂದು ಫ್ಯಾನ್ ಹಚ್ಚಿಸಿ, ಡಿಟೆಕ್ಟರನ್ನು ಕರೆಂಟ್ ಹುಡುಕುವ ಬಟನ್ನಿಗೆ ಬದಲಿಸಿ ಗೋಡೆಯುದ್ದಕ್ಕೂ ಸರಿಸಿದರು. ಬೀಪ್ ಎಂದಲ್ಲೆಲ್ಲ ಸೀಮೆಸುಣ್ಣದ ಗುರುತು. ಕೊನೆಗೆ ಓರೆಯಾದ ಬಿಳಿ ಗೆರೆಯೊಂದು ಮೂಡಿತು, ಬ್ರಾಕೆಟ್ ಕೂರಬೇಕಿದ್ದ ಜಾಗದ ಸರಿ ನಡುವೆ.

"ಗೇಣು ಬಲಕ್ಕ ಸರಿಸಿದ್ರ ಏನೂ ಅಂಜಿಕಿ ಇಲ್ಲ. ಆದ್ರ ಟಿವಿ ನಟ್ಟನಡುವ ಬರೂದಿಲ್ರೀ."

"ಸರಸ್ರಿ" ಎಂದೆ.

ಮತ್ತೆ ಮೇನ್ ಆಫ್ ಆಯಿತು. ಪಕ್ಕದ ಮನೆಯಿಂದ ವೈರ್ ಎಳೆದು ಡ್ರಿಲ್ ಹಚ್ಚಿದರು. ಒಂದು ತೂತಿನಲ್ಲಿ ಸರಳು ಅಡ್ಡ ಬಂದಾಗ ಒತ್ತದೆ ನಿಲ್ಲಿಸಿ, ಬ್ರಾಕೆಟ್ಟಿನ ಬೇರೆ ಕಿಂಡಿಗೆ ಸರಿಯಾಗಿ ಹೊಸದು ಕೊರೆದರು. ಧೂಳು ಊದಿ ತೆಗೆದು, ಆಂಕರ್ ಬೋಲ್ಟ್ ಬಿಗಿದು, ಬ್ರಾಕೆಟ್ಟಿಗೆ ಜೋತುಬಿದ್ದು ಜಗ್ಗಿ ನೋಡಿದರು. ಅಲುಗಲಿಲ್ಲ.

ಅವ್ವ ಎದ್ದು ಗೋಡೆಯ ಹತ್ತಿರ ಬಂದಳು. ಸೀಮೆಸುಣ್ಣದ ಗೆರೆಯ ಮೇಲೆ ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ಬೆರಳಾಡಿಸಿದಳು. ಟಿವಿ ಎತ್ತಿ ಕೂರಿಸುವ ಮುನ್ನ ನಾನು ಒರೆಸಲು ಬಟ್ಟೆ ತಂದರೆ, "ಇರಲಿ ಬಿಡು, ಅದರ ಹಿಂದ ಯಾರಿಗಿ ಕಾಣತೈತಿ" ಎಂದಳು.