ಐದು ನವೆಂಬರ್‌ಗಳ ಸರಾಸರಿ

ಗಂಡನಿಗೆ ಕೊಯಮತ್ತೂರಿನ ಪಂಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ದಾವಣಗೆರೆ ಬಿಟ್ಟು ಆ ಊರಿಗೆ ಹೋದವಳು ನಾನು. ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಷೇರು ಪೇಟೆ ಏರುತ್ತಿತ್ತು, ಏರುವ ಪೇಟೆಯಲ್ಲಿ ಎಲ್ಲರೂ ಜಾಣರೇ. ಅಂಥ ಜಾಣರೊಬ್ಬರ ದಲ್ಲಾಳಿ ಕಚೇರಿಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಕಚೇರಿಯ ಯಜಮಾನರದು ತಲೆಮಾರುಗಳ ಹಿಂದೆಯೇ ಅಲ್ಲಿ ನೆಲೆಸಿದ ಕನ್ನಡದ ಒಕ್ಕಲು ಮನೆತನ. ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಅಂಕಿಗಳನ್ನು ಓದಲೂ ಬರುತ್ತಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಒಂದು ದಿನ ಅವರು ಊರಿನ ಹಳೆಯ ಜವಳಿ ಮಿಲ್ಲೊಂದರ ಷೇರಿನ ಐದು ವರ್ಷದ ಬೆಲೆ ತೆಗೆಸಿ, ಪ್ರತಿ ತಿಂಗಳಿಗೂ ಸರಾಸರಿ ಏರಿಕೆ ಎಷ್ಟೆಂದು ಚಾರ್ಟ್ ಮಾಡಿಸಿದರು. ಹನ್ನೆರಡು ಕಂಬಗಳು. ಹನ್ನೊಂದು ಗಿಡ್ಡ, ನವೆಂಬರ್ ಮಾತ್ರ ತೆಂಗಿನ ಮರ.

“ಏಳು ಪರ್ಸೆಂಟು ಅಮ್ಮಣಿ. ಬ್ಯಾಂಕ್‌ಕಾರ ಒಂದು ವರ್ಷಕ್ಕೆ ಕೊಡೋದು ಇಲ್ಲಿ ಒಂದೇ ಮಾಸಕ್ಕೆ. ಕಲರ್ ಪ್ರಿಂಟ್ ತೆಗಿ.”

ತೆಗೆಯುವ ಮುನ್ನ ನಾನು ಆ ಐದು ನವೆಂಬರ್‌ಗಳನ್ನು ಬಿಡಿಬಿಡಿಯಾಗಿ ನೋಡಿದೆ. ನಾಲ್ಕರಲ್ಲಿ ಷೇರು ಇಳಿದಿತ್ತು: ಎರಡು, ಒಂದು, ಮೂರು, ಮತ್ತೆ ಎರಡು ಪರ್ಸೆಂಟು. ಒಂದೇ ಒಂದರಲ್ಲಿ ನಲವತ್ತಮೂರು ಏರಿತ್ತು. ಆ ತಿಂಗಳು ಮಿಲ್ಲು ರಸ್ತೆ ಪಕ್ಕದ ತನ್ನ ಜಾಗ ಮಾರಿತ್ತು. ನವೆಂಬರಿಗೂ ಆ ಮಾರಾಟಕ್ಕೂ ಏನು ಸಂಬಂಧ? ರಿಜಿಸ್ಟ್ರಾರ್ ಕಚೇರಿ ಆ ತಿಂಗಳೂ ತೆರೆದಿತ್ತು, ಅಷ್ಟೇ.

ಯಜಮಾನರಿಗೆ ತೋರಿಸಿದೆ. “ಸರಾಸರಿ ಏಳು ಸರಿ ತಾನೆ?” ಎಂದರು. ಸರಿಯಾಗಿಯೇ ಇತ್ತು. ಕೂಡುವುದರಲ್ಲಿ, ಭಾಗಿಸುವುದರಲ್ಲಿ ತಪ್ಪಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅರವತ್ತು ತಿಂಗಳ ಅಂಕಿಗಳನ್ನು ಅರವತ್ತು ಚೀಟಿಗಳಲ್ಲಿ ಬರೆದು, ಟಿಫಿನ್ ಡಬ್ಬಿಯಲ್ಲಿ ಕಲಸಿ, ಕಣ್ಣು ಮುಚ್ಚಿ ಐದೈದರಂತೆ ಹನ್ನೆರಡು ಗುಡ್ಡೆ ಮಾಡಿದೆ. ಗುಡ್ಡೆಗಳಿಗೆ ವರಸೆಯಾಗಿ ತಿಂಗಳ ಹೆಸರಿಟ್ಟೆ. ನಲವತ್ತಮೂರರ ಚೀಟಿ ಜೂನ್ ಗುಡ್ಡೆಗೆ ಬಿತ್ತು, ಜೂನ್ ಚಿನ್ನದ ತಿಂಗಳಾಯಿತು. ಮತ್ತೆ ಕಲಸಿದೆ. ಈ ಸಲ ಮಾರ್ಚ್.

“ನೋಡಿ ಸಾರ್, ಆ ಒಂದು ಚೀಟಿ ಯಾರ ಮನೆಗೆ ಹೋದರೆ ಅವರೇ ಶ್ರೀಮಂತರು. ತಿಂಗಳದ್ದೇನೂ ಮಹಿಮೆ ಇಲ್ಲ.”

ಅವರು ಮಾರ್ಚ್ ಗುಡ್ಡೆಯಿಂದ ಆ ಚೀಟಿಯನ್ನು ಎತ್ತಿ ನೋಡಿದರು. “ಹಂಗಾದ್ರೆ ಮಾರ್ಚ್‌ಲೂ ತಗೋಬೋದು ಅಂತೀಯಾ?”

ಚಾರ್ಟ್ ಗೋಡೆ ಏರಿತು. ಬಂದವರೆಲ್ಲ ಅದರ ಮುಂದೆ ಕೈಕಟ್ಟಿ ನಿಂತರು. ಅವರಲ್ಲಿ ಯಜಮಾನರ ದೂರದ ಮಾವ ಒಬ್ಬರಿದ್ದರು, ಮಿಲ್ಲಿನಲ್ಲಿ ಮೂವತ್ತು ವರ್ಷ ನೂಲು ಪರೀಕ್ಷೆ ಮಾಡಿ ನಿವೃತ್ತರಾದವರು. ಅವರೊಬ್ಬರಾದರೂ ಕೇಳಿಯಾರು ಎಂದು ಬಿಡಿ ಅಂಕಿಗಳ ಹಾಳೆಯನ್ನು ಅವರ ಕೈಗೆ ಕೊಟ್ಟೆ.

“ಐದೇ ತಾನೆ ಇರೋದು?” ಎಂದರು. “ನಾನು ಐದೇ ಬಾಬಿನ್ ನೂಲು ನೋಡಿ ಲಾಟ್ ಪಾಸ್ ಮಾಡಿದ್ರೆ ಮ್ಯಾನೇಜರ್ ನನ್ನ ಗೇಟ್‌ನಿಂದ ಆಚೆ ನೂಕ್ತಿದ್ದ.”

“ಹಾಗಾದರೆ ಬೇಡ ಅಲ್ವಾ ಸಾರ್?”

“ಅದು ನೂಲು ಅಮ್ಮಣಿ. ಇದು ಷೇರು.” ಹಾಳೆ ಮಡಿಸಿ ನನಗೇ ಹಿಂದಿರುಗಿಸಿ, ಅಕ್ಟೋಬರ್ ಕೊನೆಯ ದಿನ ಕೊಂಡರು. ಮೂವತ್ತು ವರ್ಷದ ವಿದ್ಯೆ ಬಣ್ಣದ ಕಂಬವೊಂದರ ಮುಂದೆ ಚಪ್ಪಲಿ ಬಿಟ್ಟು ನಿಂತಿತು.

ನಾನೇನು ದೊಡ್ಡವಳಲ್ಲ. ಅವರ ಆರ್ಡರನ್ನು ಒತ್ತಿದ ಬೆರಳು ನನ್ನದೇ.

ಆ ನವೆಂಬರಿನಲ್ಲಿ ಷೇರು ಹನ್ನೊಂದು ಪರ್ಸೆಂಟು ಇಳಿಯಿತು. ಯಾವ ದೊಡ್ಡ ಕಾರಣವೂ ಇರಲಿಲ್ಲ, ಮಾರಲು ಇನ್ನೊಂದು ಜಾಗವೂ ಮಿಲ್ಲಿಗಿರಲಿಲ್ಲ. ಮಾವ ಬಂದು ನಷ್ಟಕ್ಕೇ ಮಾರಿ ಸಹಿ ಹಾಕಿದರು. “ನಾನು ಗೊತ್ತಿದ್ದೂ ಮಾಡಿದೆ,” ಎಂದಷ್ಟೇ ನನಗೆ ಹೇಳಿ ಬಸ್ಸಿಗೆ ಹೋದರು. ಆ ಮಾತಿಗೆ ನನಗೂ ನಾಚಿಕೆಯಾಯಿತು.

ಯಜಮಾನರಿಗೆ ಆಗಲಿಲ್ಲ. ಡಿಸೆಂಬರ್ ಮೊದಲ ವಾರವೇ ಕ್ಯಾಲ್ಕುಲೇಟರ್ ಹಿಡಿದು ಬಂದರು. “ಆರು ವರ್ಷಕ್ಕೆ ಹಾಕಿ ನೋಡಿದೆ. ಇನ್ನೂ ನಾಲ್ಕು ಪರ್ಸೆಂಟು ಲಾಭ. ಹೊಸ ಚಾರ್ಟ್ ತೆಗಿ.”

ಲೆಕ್ಕ ಈ ಸಲವೂ ಸರಿಯಿತ್ತು. ಆರು ನವೆಂಬರ್‌ಗಳಲ್ಲಿ ಐದು ಇಳಿದರೂ ಕಂಬ ಹಸಿರಾಗಿಯೇ ನಿಂತಿತ್ತು. ನಾನು ಪ್ರಿಂಟ್ ತೆಗೆದೆ. ಆದರೆ ಕಂಬದ ಕೆಳಗೆ ಆರೂ ವರ್ಷದ ಅಂಕಿಗಳನ್ನು ದಪ್ಪಕ್ಷರದಲ್ಲಿ ಸೇರಿಸಿದೆ. ಅವರು ಕತ್ತರಿ ತಂದು, ನಾಜೂಕಾಗಿ, ನೇರ ಗೆರೆಯಲ್ಲಿ ಆ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಟಿಸಿದರು.

“ಜಾಸ್ತಿ ನಂಬರ್ ಇದ್ರೆ ಜನಕ್ಕೆ ಗೊಂದಲ ಆಗ್ತದೆ ಅಮ್ಮಣಿ,” ಎಂದರು, ನನಗೆ ಬುದ್ಧಿ ಹೇಳುವ ದನಿಯಲ್ಲಿ. ಪೊಂಗಲ್‌ಗೆ ಮುಂಚೆ ನಾನು ಆ ಕೆಲಸ ಬಿಟ್ಟು ತುಡಿಯಲೂರಿನ ಮೋಟಾರ್ ವರ್ಕ್‌ಶಾಪೊಂದಕ್ಕೆ ಸೇರಿದೆ. ಅಲ್ಲಿ ಮೋಟಾರು ತಿರುಗದಿದ್ದರೆ ಯಾರೂ ಅದರ ಸರಾಸರಿ ಕೇಳುತ್ತಿರಲಿಲ್ಲ.