ನಾಲ್ಕು ಕೋಳಿ, ಆರಡಿ ಗುಂಡಿ

ಸತ್ತ ಪ್ರಾಣಿಯನ್ನು ತೆಂಗಿನ ಬುಡಕ್ಕೆ ಹಾಕುವುದು ಕಾಸರಗೋಡಿನ ನಮ್ಮ ಮನೆಯಲ್ಲಿ ಹಿರಿಯರ ಕಾಲದಿಂದ ಬಂದ ಪದ್ಧತಿ. ಕರು ಸತ್ತರೂ ಅಲ್ಲಿಗೇ, ಬೆಕ್ಕು ಸತ್ತರೂ ಅಲ್ಲಿಗೇ. ಬುಡದ ಮಣ್ಣು ಹೇಗೂ ಸಡಿಲವಿರುತ್ತದೆ, ಒಂದೂವರೆ ಅಡಿ ತೋಡಿದರೆ ಕೆಲಸ ಮುಗಿಯಿತು, ಮರಕ್ಕೆ ಗೊಬ್ಬರವೂ ಆಯಿತು. ಕೊಚ್ಚಿಗೆ ಬಂದು ಇಪ್ಪತ್ತು ವರ್ಷವಾದರೂ ನನ್ನ ತಲೆಯಲ್ಲಿ ಈ ವಿದ್ಯೆ ಹಾಗೆಯೇ ಉಳಿದಿತ್ತು. ಅದರ ಬಗ್ಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಕಾಕ್ಕನಾಡಿನ ಸರಕಾರಿ ಕಚೇರಿಯೊಂದರಲ್ಲಿ ಕಾನೂನು ವಿಭಾಗದ ಕೆಲಸ ನನ್ನದು. ತೋಡಿಗೆ, ಎಂದರೆ ನೀರು ಹರಿಯುವ ಹಳ್ಳಕ್ಕೆ, ಕಸ ಎಸೆದವರಿಗೆ, ಸಾರ್ವಜನಿಕ ಜಾಗ ಹಾಳು ಮಾಡಿದವರಿಗೆ ಹೋಗುವ ನೋಟೀಸುಗಳ ಕರಡು ಎಷ್ಟೋ ಸಲ ನನ್ನ ಮೇಜಿನಲ್ಲೇ ತಯಾರಾಗಿದೆ. ಊರ ಹೊರಗೆ, ತೋಡಿನ ದಂಡೆಯ ಹನ್ನೆರಡು ಸೆಂಟಿನಲ್ಲಿ ಮನೆ. ಮಗಳಿಗೆ ನಾಟಿ ಮೊಟ್ಟೆ ಸಿಗಲಿ ಎಂದು ಕಳೆದ ವರ್ಷ ಗಾಡಿಯಲ್ಲಿ ಮಾರಿಕೊಂಡು ಬಂದವನಿಂದ ಆರು ಕೋಳಿ ತೆಗೆದುಕೊಂಡೆ. ಲಸಿಕೆ ಹಾಕಿದೆಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಪಕ್ಕದ ಮನೆಯಾಕೆಯನ್ನು ನಾವು ಕರೆಯುವುದು ಚೇಚ್ಚಿ, ಎಂದರೆ ಅಕ್ಕ, ಎಂದು; ವಯಸ್ಸು ಅರವತ್ತರ ಹತ್ತಿರ. ಎರಡು ದನ, ಅರವತ್ತು ಕೋಳಿ ಸಾಕಿ, ಗಂಡ ತೀರಿಕೊಂಡ ಮೇಲೆ ಮನೆಯನ್ನು ಒಬ್ಬರೇ ಎತ್ತಿ ನಿಲ್ಲಿಸಿದವರು. ನೈಟಿ, ತಲೆಗೆ ಸುತ್ತಿದ ಬೈರಾಸು ಟವೆಲು, ಬೆಳಗ್ಗೆ ಐದಕ್ಕೆ ಕೊಟ್ಟಿಗೆಯಲ್ಲಿ ಬಕೆಟ್ಟಿನ ಸದ್ದು. ಅವರು ಆಡುವುದು ಮಲಯಾಳ. ನನ್ನ ಕಿವಿಗೆ ಅದು ಹೇಗೆ ಬಿತ್ತೋ ಹಾಗೆ ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಸಲ ಅವರ ಕೋಳಿಗಳಲ್ಲಿ ಅರ್ಧದಷ್ಟು ಹೊಸ ಹೇಂಟೆಗಳು. ಮರಿಯಿಂದ ಕೈಯಾರೆ ಬೆಳೆಸಿದ ಮೂವತ್ತು, ಇನ್ನೇನು ಮೊಟ್ಟೆಗೆ ಬರಬೇಕಿದ್ದವು. ಹಳೆಯವಕ್ಕೆ ಲಸಿಕೆ ಪೂರ್ತಿಯಾಗಿತ್ತು, ಹೊಸವಕ್ಕೆ ಕೊನೆಯ ಸುತ್ತು ಬಾಕಿಯಿತ್ತು.

ನನ್ನ ಕೋಳಿಗಳಲ್ಲಿ ಮೊದಲನೆಯದು ಸೋಮವಾರ ಸತ್ತಿತು. ಬಾಯಿ ತೆರೆದು ಉಸಿರೆಳೆಯುತ್ತ, ಹಸಿರು ಹಿಕ್ಕೆ ಹಾಕುತ್ತ ಒಂದು ದಿನ ಕೂತಿತ್ತು. ಸೆಖೆ ಇರಬೇಕು ಎಂದುಕೊಂಡೆ. ಮಂಗಳವಾರ ಇನ್ನೊಂದು. ಎರಡನ್ನೂ ತೆಂಗಿನ ಬುಡದಲ್ಲಿ ಹೂತು, ಮಗಳನ್ನು ಕರೆದು ನಮ್ಮ ಪದ್ಧತಿಯ ಬಗ್ಗೆ ಚಿಕ್ಕ ಭಾಷಣವನ್ನೂ ಕೊಟ್ಟೆ. ಅವಳು ಮಲಯಾಳದಲ್ಲಿ "ಸರಿ ಅಚ್ಛಾ", ಎಂದರೆ ಸರಿ ಅಪ್ಪ, ಎಂದು ಒಳಗೆ ಹೋದಳು.

ಬುಧವಾರ ಬೆಳಗ್ಗೆ ಎರಡು ಒಟ್ಟಿಗೆ ಸತ್ತಿದ್ದವು. ಒಂದರ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿತ್ತು. ನನಗೆ ಕಚೇರಿಗೆ ತಡವಾಗಿತ್ತು.

"ಚೇಚ್ಚಿಯ ಹತ್ರ ಒಂದು ಮಾತು ಕೇಳಿ. ಅವರಿಗೆ ಗೊತ್ತಿರ್ತದೆ," ಎಂದಳು ಹೆಂಡತಿ.

"ಸತ್ತ ಕೋಳಿಯ ಬಗ್ಗೆ ಕೇಳ್ಲಿಕ್ಕೆ ಎಂತ ಉಂಟು?" ಎಂದೆ.

ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ, ತೋಡಿನಾಚೆಯ ಖಾಲಿ ಜಾಗಕ್ಕೆ ಎಸೆದೆ. ಅಲ್ಲಿ ಎಲ್ಲರೂ ಎಸೆಯುತ್ತಿದ್ದರು. ಎಸೆದು, ಕೈ ತೊಳೆದು, ಇಸ್ತ್ರಿಯ ಶರ್ಟು ಹಾಕಿಕೊಂಡು, ಇತರರು ಕಸ ಎಸೆಯುವುದನ್ನು ತಡೆಯುವ ಕಚೇರಿಗೆ ಹೋದೆ. ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಆರು ದಿನ ಕಳೆದ ಮೇಲೆ ಚೇಚ್ಚಿ ನಮ್ಮ ಗೇಟಿನ ಹೊರಗೆ ನಿಂತು ಕರೆದರು. ಯಾವಾಗಲೂ ನೇರ ಅಡುಗೆಮನೆಗೇ ಬರುವವರು, ಅಂದು ಒಳಗೆ ಕಾಲಿಡಲಿಲ್ಲ.

"ಸಾರೇ, ನನ್ನ ಕೋಳಿಗೆ ಸೀಕು ಬಂದಿದೆ. ನಿನ್ನೆ ಮೂರು, ಇವತ್ತು ಐದು ಹೋಯ್ತು. ನಿಮ್ಮದನ್ನು ಗೂಡಿನಿಂದ ಬಿಡ್ಬೇಡಿ. ನಮ್ಮ ಅಂಗಳಕ್ಕೂ ಬರ್ಬೇಡಿ, ಚಪ್ಪಲಿಯಲ್ಲಿ ಬರ್ತದೆ ಅದು."

ಅವರ ಚಿಂತೆ ನನ್ನ ಉಳಿದ ಎರಡು ಕೋಳಿಗಳದ್ದಾಗಿತ್ತು. ನಾನು "ಅಯ್ಯೋ, ಹೌದಾ" ಎಂದೆ. ಅಷ್ಟೇ ಎಂದೆ.

ಆ ಮಧ್ಯಾಹ್ನ ಪಂಚಾಯತಿನ ಮೃಗಾಸ್ಪತ್ರೆಯಿಂದ ಡಾಕ್ಟರಮ್ಮ ಬಂದರು. ಚೇಚ್ಚಿಯೇ ಮೊದಲ ಸಾವಿನ ದಿನ ಫೋನ್ ಮಾಡಿದ್ದರು. ಮುಚ್ಚಿಟ್ಟು ಮಾರಿಬಿಡುವ ಯೋಚನೆ ಅವರ ಹತ್ತಿರ ಸುಳಿಯಲೂ ಇಲ್ಲ. ಡಾಕ್ಟರಮ್ಮ ಆಗ ತಾನೇ ಸತ್ತ ಎರಡು ಕೋಳಿಗಳನ್ನು ಪರೀಕ್ಷೆಗೆ ತೆಗೆದುಕೊಂಡರು, ತಿರುವನಂತಪುರದ ಕಡೆಯ ಪ್ರಯೋಗಾಲಯಕ್ಕೆ. ಲಕ್ಷಣ ನೋಡಿದರೆ ಇಲ್ಲಿಯವರು ವಸಂತ ಎನ್ನುವ ಕಾಯಿಲೆ, ನಮ್ಮ ಕೊಕ್ಕರೆ ರೋಗ. ಆದರೆ ಹಕ್ಕಿಜ್ವರವಲ್ಲ ಎಂದು ಖಚಿತವಾಗುವವರೆಗೆ ಮೊಟ್ಟೆಯೂ ಕೋಳಿಯೂ ಹೊರಗೆ ಹೋಗಬಾರದು ಎಂದರು. ಆಮೇಲೆ, "ಹತ್ತಿರದಲ್ಲಿ ಎಲ್ಲಾದರೂ ಕೋಳಿ ಸತ್ತಿತ್ತಾ?" ಎಂದು ಬೇಲಿಯೀಚೆ ನಿಂತಿದ್ದ ನನ್ನನ್ನು ಕೇಳಿದರು.

"ಒಂದು ಹೋಗಿತ್ತು, ಸೆಖೆಗೆ," ಎಂದೆ. ನಾಲ್ಕನ್ನು ಒಂದು ಮಾಡುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನ ನಾನು ರಜೆ ಹಾಕಿ, ಚೇಚ್ಚಿಯ ಸತ್ತ ಕೋಳಿಗಳಿಗೆ ಗುಂಡಿ ತೋಡಲು ಹೋದೆ. ಎದೆಯ ಭಾರ ಕೈಕೆಲಸದಲ್ಲಿ ಇಳಿದೀತು ಎಂಬ ಆಸೆ. ಚೇಚ್ಚಿ ಬಾಗಿಲಲ್ಲೇ ನನಗೊಂದು ಜೊತೆ ಗಮ್‌ಬೂಟು, ಕೈಗವಸು ಕೊಟ್ಟರು.

ಗುಂಡಿಯ ಜಾಗವನ್ನು ಅವರು ಆಗಲೇ ಆರಿಸಿದ್ದರು. ತೋಡಿನ ಹತ್ತಿರದ ಮೆತ್ತಗಿನ ನೆಲ ಬಿಟ್ಟು, ಹಿತ್ತಿಲ ಮೇಲ್ಭಾಗದ ಗಟ್ಟಿ ಕೆಂಪು ಮಣ್ಣು.

"ಕೆಳಗೆ ತೋಡಿದ್ರೆ ಬೇಗ ಆಗ್ತದಲ್ಲ ಚೇಚ್ಚಿ," ಎಂದೆ.

"ಕೆಳಗೆ ನಾಲ್ಕಡಿಗೆ ನೀರು ಬರ್ತದೆ ಸಾರೇ. ನೀರಲ್ಲಿ ಹೂತ್ರೆ ಹೂತ ಹಾಗಲ್ಲ, ಬಾವಿಗೆ ಕಲಸಿದ ಹಾಗೆ. ಇಲ್ಲಿಂದ ನಮ್ಮ ಬಾವಿ ದೂರ, ನಿಮ್ಮದೂ ದೂರ. ಹೆಜ್ಜೆ ಹಾಕಿ ನೋಡಿದ್ದೇನೆ."

ನಾನು ಪಿಕ್ಕಾಸಿನಲ್ಲಿ ಕಡಿದೆ, ಅವರು ಗುದ್ದಲಿಯಲ್ಲಿ ಬಾಚಿದರು. ಮೂರಡಿಗೆ ನನ್ನ ಸೊಂಟ ಬಿದ್ದುಹೋಯಿತು. ಇಷ್ಟು ಸಾಲದೇ ಎಂದು ಕೇಳಿದೆ. ಅವರು ಗುಂಡಿಗಿಳಿದು, ಗುಂಡಿಯ ಅಂಚು ತಮ್ಮ ತಲೆಗಿಂತ ಒಂದು ಗೇಣು ಮೇಲೆ ಬರಬೇಕು ಎಂದು ಕೈಯಲ್ಲಿ ತೋರಿಸಿ, ಕೆಲಸ ಮುಂದುವರಿಸಿದರು. ಒಂದೆರಡಡಿ ಮಣ್ಣು ನಾಯಿಗೆ ಏನೂ ಅಲ್ಲ, ವಾಸನೆ ಹಿಡಿದು ಅರ್ಧ ಗಂಟೆಯಲ್ಲಿ ಎತ್ತಿಬಿಡುತ್ತದೆ ಎಂದರು. ನಾಯಿ ಎಳೆದದ್ದು ಕಾಗೆಗೆ, ಕಾಗೆ ಕಚ್ಚಿದ್ದು ಇನ್ನೊಂದು ಮನೆಯ ಅಂಗಳಕ್ಕೆ, ಮಳೆ ಬಂದರೆ ತೋಡಿಗೆ, ತೋಡಿನಿಂದ ಯಾರದೋ ಬಾತುಕೋಳಿಗೆ. ಸತ್ತ ಕೋಳಿಯ ಮೈಯಲ್ಲಿ ರೋಗ ವಾರಗಟ್ಟಲೆ ಬದುಕಿರುತ್ತದೆ, ಆಳದಲ್ಲಿ ಮುಚ್ಚಿದರೆ ಅದಕ್ಕೆ ಹೊರಗೆ ಬರಲು ದಾರಿಯಿಲ್ಲ, ಅಲ್ಲೇ ಕೊಳೆತು ಮುಗಿಯುತ್ತದೆ. ಅವರು ಓದಿದ್ದು ಏಳನೇ ಕ್ಲಾಸು. ನನ್ನ ಯಾವ ನೋಟೀಸಿನಲ್ಲೂ ಕಾರಣ ಇಷ್ಟು ಸ್ಪಷ್ಟವಾಗಿ ಬಂದದ್ದಿಲ್ಲ.

ಹನ್ನೊಂದರ ಹೊತ್ತಿಗೆ ಆರಡಿಯಾಯಿತು. ಅಷ್ಟರಲ್ಲಿ ಸತ್ತವು ಹದಿನಾಲ್ಕು, ಎಲ್ಲವೂ ಹೊಸ ಹೇಂಟೆಗಳೇ. ತಳಕ್ಕೆ ಸುಣ್ಣದ ಪುಡಿ ಚೆಲ್ಲಿ, ಪರೀಕ್ಷೆಗೆ ಹೋದ ಎರಡನ್ನು ಬಿಟ್ಟು ಉಳಿದವನ್ನು ಚೇಚ್ಚಿ ಒಂದೊಂದಾಗಿ ಇಳಿಸಿದರು. ಚೀಲದ ಸಮೇತ ಹಾಕಲು ಹೋದವನನ್ನು ತಡೆದರು. ಪ್ಲಾಸ್ಟಿಕ್ಕಿನೊಳಗೆ ಮಣ್ಣು ತಾಗುವುದಿಲ್ಲ, ಕೊಳೆಯುವುದಿಲ್ಲ. ಹಿಕ್ಕೆ ಬಿದ್ದ ಮರದ ಹೊಟ್ಟು, ಉಳಿದ ತಿನಿಸು, ಉದುರಿದ ಪುಕ್ಕ, ಎಲ್ಲ ಅದೇ ಗುಂಡಿಗೆ. ಒಂದು ಕೆಂಚು ಹೇಂಟೆಯನ್ನು ಇಳಿಸುವಾಗ ಮಾತ್ರ ಒಂದು ಗಳಿಗೆ ಅವರ ಕೈ ನಿಂತಿತು.

"ಇವಳು ನಾಳೆಯೋ ನಾಡಿದ್ದೋ ಇಡ್ತಿದ್ಳು," ಎಂದರು.

ಆಗಲೇ ಆ ನಾಯಿ ಬಂತು. ತೋಡಿನಾಚೆಯ ಖಾಲಿ ಜಾಗದಿಂದ, ಕಾಲುಸಂಕ ದಾಟಿ, ಬಾಯಲ್ಲಿ ಪುಕ್ಕ ಅಂಟಿದ ಒಂದು ರೆಕ್ಕೆ ಹಿಡಿದುಕೊಂಡು, ಚೇಚ್ಚಿಯ ಬೇಲಿಯ ಪಕ್ಕದಲ್ಲೇ ಹಾದುಹೋಯಿತು. ಚೇಚ್ಚಿ ಅದನ್ನೇ ನೋಡುತ್ತ ನಿಂತರು.

"ನನ್ನದು ಒಂದೂ ಹೊರಗೆ ಹೋಗ್ಲಿಲ್ಲ. ಇದು ಯಾರದ್ದು?" ಎಂದರು. ನಂತರ ತಮ್ಮಷ್ಟಕ್ಕೇ ಹೇಳಿಕೊಂಡರು, "ಅಲ್ಲಿ ಅದು ಇರುವವರೆಗೆ ನಾನು ಇಲ್ಲಿ ಎಷ್ಟು ತೋಡಿದ್ರೂ ಪ್ರಯೋಜನ ಇಲ್ಲ. ಹೊಸದರಲ್ಲಿ ಉಳಿದ ಹದಿನಾರೂ ಹೋಗ್ತವೆ."

ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿದ್ದರೆ ಆ ಹದಿನಾರು ಸಾಯುತ್ತವೆ ಎಂದು ಈಗ ನನಗೂ ಗೊತ್ತಾಗಿಬಿಟ್ಟಿತ್ತು.

"ನನ್ನದು ಚೇಚ್ಚಿ," ಎಂದೆ. "ಒಂದಲ್ಲ, ನಾಲ್ಕು. ಎರಡು ಅಲ್ಲಿ ಎಸೆದಿದ್ದೇನೆ. ಎರಡು ತೆಂಗಿನ ಬುಡದಲ್ಲಿ."

ಬೈಗುಳಕ್ಕೆ ಕಾದು ನಿಂತೆ. ಅವರು ಬೈರಾಸಿನಿಂದ ಮುಖ ಒರೆಸಿಕೊಂಡರು. ಕಣ್ಣು ಕೆಂಪಾಗಿತ್ತು, ಬೆವರಿಗೋ ಏನೋ, ಕೇಳುವ ಧೈರ್ಯ ನನಗಿರಲಿಲ್ಲ.

"ಸತ್ತ ದಿನ ಒಂದು ಮಾತು ಹೇಳಿದ್ರೆ ನಾನೇ ಬಂದು ಗುಂಡಿ ತೋಡಿ ಕೊಡ್ತಿದ್ದೆನಲ್ಲ ಸಾರೇ," ಎಂದರು. "ಬನ್ನಿ, ಎಲ್ಲಿ ಅಂತ ತೋರಿಸಿ. ಗುಂಡಿ ಮುಚ್ಚುವ ಮೊದಲು ತರ್ಬೇಕು."

ಖಾಲಿ ಜಾಗದಲ್ಲಿ ನನ್ನ ಚೀಲ ಹರಿದು ಬಿದ್ದಿತ್ತು. ಉಳಿದದ್ದು ಅರ್ಧ ಕೋಳಿ, ಪುಕ್ಕ, ತುಂಬ ನೊಣ. ಅದನ್ನೂ ಕೆಳಗಿನ ಮಣ್ಣನ್ನೂ ಕೆರೆದು ಬಕೆಟ್ಟಿಗೆ ಹಾಕಿ, ಜಾಗಕ್ಕೆ ಸುಣ್ಣ ಚೆಲ್ಲಿದೆವು. ನಮ್ಮ ತೆಂಗಿನ ಬುಡದಲ್ಲಿ ಒಂದು ಕೋಳಿ ಇತ್ತು, ಇನ್ನೊಂದರ ಜಾಗದಲ್ಲಿ ನಾಯಿ ಕೆರೆದ ತಗ್ಗು ಮಾತ್ರ. ನನ್ನ ಪದ್ಧತಿಯ ನಿಜರೂಪ ಅದು.

ಎಲ್ಲವನ್ನೂ ಆರಡಿಗೆ ಇಳಿಸಿ, ಮತ್ತೆ ಸುಣ್ಣ ಹಾಕಿ ಮಣ್ಣು ಮುಚ್ಚಿದೆವು. ನಾನು ತುಳಿದು ಗಟ್ಟಿ ಮಾಡಲು ಹೊರಟರೆ ಬೇಡವೆಂದರು. ಒಳಗೆ ಗಾಳಿ ತುಂಬಿ ಉಬ್ಬುತ್ತದೆ, ಆಮೇಲೆ ತಾನಾಗಿ ಕುಸಿಯುತ್ತದೆ, ದಿಬ್ಬವಾಗಿಯೇ ಇರಲಿ ಎಂದು ಅದರ ಮೇಲೆ ಮುಳ್ಳುಕಂಟಿ ಹರಡಿ ಕಲ್ಲು ಹೇರಿದರು. ಪಾತ್ರೆ, ಬೂಟು, ಕೈ, ಎಲ್ಲವನ್ನೂ ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆಸಿದರು. ಇಷ್ಟು ನಷ್ಟದ ನಡುವೆ ಒಂದು ಹೆಜ್ಜೆಯನ್ನೂ ಹಾರಿಸದ ಆ ಹೆಂಗಸನ್ನು ನೋಡಿ ನನಗೆ ನಿಜವಾಗಿ ಗೌರವ ಹುಟ್ಟಿತು, ಜೊತೆಗೇ ನನ್ನ ಮೇಲೆ ಸಿಟ್ಟೂ.

ಕೆಲಸ ಅಲ್ಲಿಗೆ ಮುಗಿಯಿತೆಂದು ನಾನಂದುಕೊಂಡೆ. ಚೇಚ್ಚಿ ಸ್ನಾನ ಮಾಡಿ, ಬಟ್ಟೆ ಚಪ್ಪಲಿ ಬದಲಿಸಿ ಮತ್ತೆ ಹೊರಟರು. ಓಣಿಯಲ್ಲಿ ಕೋಳಿ ಸಾಕುವ ಮನೆ ಇನ್ನೂ ನಾಲ್ಕಿದ್ದವು, ಅವರಿಗೆ ಹೇಳಬೇಕಲ್ಲ. ನಾನೂ ಮಿಂದು ಬಟ್ಟೆ ಬದಲಿಸಿ ಹಿಂದೆ ಹೋದೆ. ಪ್ರತಿ ಮನೆಯ ಗೇಟಿನ ಹೊರಗೇ ನಿಂತು ಅವರು ಹೇಳಿದ್ದು ಒಂದೇ ಮಾತು: "ನನ್ನಲ್ಲಿ ಕೋಳಿಗೆ ಸೀಕು ಬಂದಿದೆ. ನಿಮ್ಮದನ್ನು ಒಳಗೆ ಹಾಕಿ. ಸತ್ರೆ ಎಸೀಬೇಡಿ, ನನ್ನನ್ನು ಕರೀರಿ." ಎಲ್ಲಿಂದ ಬಂತು ಎಂದು ಅವರು ಎಲ್ಲೂ ಹೇಳಲಿಲ್ಲ.

ಮೂರನೆಯ ಮನೆಯಾತ ಅವರ ಗಿರಾಕಿ. ವರ್ಷಗಳಿಂದ ಅವರಲ್ಲೇ ಮೊಟ್ಟೆ ತೆಗೆದುಕೊಳ್ಳುತ್ತಿದ್ದವ. ಕೇಳಿದವನೇ ಮುಖ ಗಂಟಿಕ್ಕಿದ.

"ನಿಮ್ಮ ಗೂಡಿನಿಂದ ಊರಿಗೆಲ್ಲ ಹಬ್ಬಿಸಿದ್ರಲ್ಲ ಚೇಚ್ಚಿ. ಇನ್ನು ನಿಮ್ಮ ಮೊಟ್ಟೆ ನಮಗೆ ಬೇಡ."

ಚೇಚ್ಚಿ ತಲೆ ತಗ್ಗಿಸಿದರು. ಅಷ್ಟು ಕೆಲಸ ಮಾಡಿದ ಅವರ ಕೈ ಗೇಟಿನ ಸರಳಿನ ಮೇಲೆ ಸುಮ್ಮನೆ ಕೂತಿತ್ತು. ಒಂದು ಬೆರಳು ತೋರಿಸಿದ್ದರೆ ಸಾಕಿತ್ತು, ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ.

"ಅವರ ಗೂಡಿನಿಂದ ಅಲ್ಲ," ಎಂದೆ. "ಸತ್ತ ಕೋಳಿಯನ್ನು ನಾನು ಎಸೆದದ್ದು. ಅವರು ಹೂತದ್ದು."

ಆತ ನನ್ನನ್ನೂ ನನ್ನ ಇಸ್ತ್ರಿಯ ಶರ್ಟನ್ನೂ ನೋಡಿದ. ಒಳಗೆ ಹೋಗಿ ಕೋಳಿಗಳನ್ನು ಗೂಡಿಗೆ ಅಟ್ಟತೊಡಗಿದ. ಚೇಚ್ಚಿಯೂ ನನ್ನತ್ತ ತಿರುಗದೆ ಮುಂದೆ ನಡೆದರು. ನಾಲ್ಕನೆಯ ಮನೆಯ ಗೇಟು ಬಂದಾಗ ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕರೆಯುವ ಕೆಲಸವನ್ನು ನನಗೆ ಬಿಟ್ಟರು.